ಕವ್ವಾಲಿ ಕೇಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಬಂದೇನವಾಜರ ಉರುಸಿಗೆ ಹೊಸಬರನ್ನು ಕರೆದುಕೊಂಡು ಹೋಗುವ ಚಟ ನನಗೆ ಹಳೆಯದು. ರಾತ್ರಿ ಮೂರು ಗಂಟೆಗೆ ಹೊರಗೆ ಚಹಾ ಕುಡಿಯುವಾಗ ಅವರು ಕೇಳುವ ಪ್ರಶ್ನೆಗಳು ವರ್ಷ ವರ್ಷವೂ ಹೆಚ್ಚುಕಡಿಮೆ ಅವೇ. ಆಮೇಲೆ ಪತ್ರದಲ್ಲಿ, ಫೋನಿನಲ್ಲಿ ಕೇಳಿದವೂ ಒಂದಷ್ಟು ಸೇರಿವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು, ತೊಡಕಿನದ್ದು ಆಮೇಲೆ.

## ಮೊದಲ ಸಲ ಕೂತವರಿಗೆ

ಗಜಲ್‌ಗೂ ಕವ್ವಾಲಿಗೂ ಏನ್ ಫರಕು? ಎರಡೂ ಉರ್ದು ಹಾಡೇ ಅಲ್ವಾ?

ಗಜಲ್ ಎಂಬುದು ಪದ್ಯದ ಒಂದು ಬಗೆ. ಕವ್ವಾಲಿ ಎಂಬುದು ಹಾಡುವ ಒಂದು ಬಗೆ. ಗಜಲನ್ನು ಒಬ್ಬರೇ ಕೂತು ಮೆಲ್ಲಗೆ ಹಾಡಬಹುದು. ಅದೇ ಗಜಲನ್ನು ಎಂಟು ಹತ್ತು ಜನರ ಮೇಳ ಚಪ್ಪಾಳೆ ಹಾಕಿ, ಬಿಡಿಸಿ, ಮತ್ತೆ ಕಟ್ಟಿ ಹಾಡಿದರೆ ಕವ್ವಾಲಿ. ಗಜಲ್ ಮಾತ್ರವಲ್ಲ, ದೋಹೆ, ಪಾರ್ಸಿ ರುಬಾಯಿ, ಪಂಜಾಬಿ ಕಾಫಿ, ಬ್ರಜ್ ಭಾಷೆಯ ಹಾಡು ಎಲ್ಲವೂ ಕವ್ವಾಲರ ಜೋಳಿಗೆಯಲ್ಲಿ ಇರುತ್ತವೆ.

ಹೆಸರು ಬಂದದ್ದು 'ಕೌಲ್' ಎಂಬ ಅರಬಿ ಪದದಿಂದ. ಅದಕ್ಕೆ ನುಡಿ, ವಚನ ಎಂದು ಅರ್ಥ. ಚಿಶ್ತಿ ಸೂಫಿಗಳು ಕೂಟ ಸೇರಿ ಪದ್ಯ ಕೇಳುವುದಕ್ಕೆ 'ಸಮಾ' ಎನ್ನುತ್ತಾರೆ, ಅಂದರೆ ಕೇಳುವಿಕೆ. ಹಾಡಿಕೆಗಲ್ಲ, ಕೇಳಿಕೆಗೆ ಇಟ್ಟ ಹೆಸರು ಅದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಎಷ್ಟೋ ಉತ್ತರಗಳ ಬೇರು ಇಲ್ಲಿದೆ. ದಿಲ್ಲಿಯ ನಿಜಾಮುದ್ದೀನ್ ಔಲಿಯಾ ಮತ್ತು ಅವರ ಶಿಷ್ಯ ಅಮೀರ್ ಖುಸ್ರೋ, ಇಬ್ಬರೂ 1325ರಲ್ಲಿ ತೀರಿಕೊಂಡರು. ಕವ್ವಾಲರು ತಮ್ಮ ಪರಂಪರೆಯನ್ನು ಖುಸ್ರೋವರೆಗೆ ಹಿಡಿದು ಹೇಳುತ್ತಾರೆ. ಆ ಚಿಶ್ತಿ ಎಳೆಯೇ ಬಂದೇನವಾಜ್ ಗೇಸುದರಾಜರ ಜೊತೆ ಸುಮಾರು 1400ರ ಹೊತ್ತಿಗೆ ಕಲಬುರಗಿಗೆ ಬಂತು.

ಹತ್ತು ಜನ ಕೂತಿರ್ತಾರೆ, ಎಲ್ಲರೂ ಬಾಯಿ ತೆಗೀತಾರೆ. ಯಾರನ್ನ ನೋಡ್ಬೇಕು?

ಎರಡು ಸಾಲು ಇರುತ್ತದೆ. ಮುಂದಿನ ಸಾಲಿನಲ್ಲಿ ಮುಖ್ಯ ಗಾಯಕ, ಅವನ ಪಕ್ಕದಲ್ಲಿ ಎರಡನೆಯ ಗಾಯಕ, ಒಂದೋ ಎರಡೋ ಪೇಟಿ. ಪೇಟಿಯನ್ನು ಎಷ್ಟೋ ಸಲ ಹಾಡುವವರೇ ಹಿಡಿದಿರುತ್ತಾರೆ. ಹಿಂದಿನ ಸಾಲಿನಲ್ಲಿ ತಬಲಾ, ಢೋಲಕ್, ಮತ್ತೆ ಚಪ್ಪಾಳೆ ಹಾಕುತ್ತಾ ಪಲ್ಲವಿ ಎತ್ತಿಕೊಡುವ ನಾಲ್ಕೈದು ಜನ. ಇಡೀ ಮೇಳಕ್ಕೆ 'ಹಮ್‌ನವಾ' ಎನ್ನುವುದುಂಟು, ಜೊತೆದನಿಯವರು ಎಂದು ಅರ್ಥ.

ಹೊಸಬರು ಮುಖ್ಯ ಗಾಯಕನ ಕೈಯನ್ನೂ ಮುಖವನ್ನೂ ನೋಡುತ್ತಾರೆ. ನಾನು ಹೇಳುವುದು, ಎರಡನೆಯ ಗಾಯಕನನ್ನು ನೋಡಿ. ಮುಖ್ಯ ಗಾಯಕ ಮುಂದೆ ಎತ್ತ ಹೋಗುತ್ತಾನೆ ಎಂಬುದು ನಿಮಗಿಂತ ಅರೆಗಳಿಗೆ ಮುಂಚೆ ಅವನಿಗೆ ಗೊತ್ತಾಗುತ್ತದೆ. ಅವನು ಮುಂದಕ್ಕೆ ಬಾಗಿದರೆ ಸಾಲನ್ನು ಎತ್ತಿಕೊಳ್ಳಲಿದ್ದಾನೆ. ಹಿಂದಕ್ಕೆ ತಿರುಗಿ ಢೋಲಕ್ಕಿನವನ ಕಡೆ ಕಣ್ಣು ಹಾಯಿಸಿದರೆ ಲಯ ಬದಲಾಗಲಿದೆ.

ನನಗೆ ಉರ್ದು ಬರಲ್ಲ, ಪಾರ್ಸಿಯಂತೂ ಇಲ್ಲವೇ ಇಲ್ಲ. ಸುಮ್ಮನೆ ತಲೆ ಅಲ್ಲಾಡಿಸಿಕೊಂಡು ಕೂರಬೇಕಾ?

ಬೇಡ. ಒಂದು ಬಾಲ ಹಿಡಿದುಕೊಳ್ಳಿ ಸಾಕು. ಕವ್ವಾಲಿಯ ಹೆಚ್ಚಿನ ಪದ್ಯಗಳಲ್ಲಿ ಎರಡೆರಡು ಸಾಲಿನ ಜೋಡಿಗಳಿರುತ್ತವೆ. ಪ್ರತಿ ಜೋಡಿಯ ಎರಡನೆಯ ಸಾಲು ಒಂದೇ ಮಾತಿನಲ್ಲಿ ಮುಗಿಯುತ್ತದೆ. ಆ ಮಾತಿಗೆ 'ರದೀಫ್' ಎನ್ನುತ್ತಾರೆ. ಅದರ ಹಿಂದಿನ ಪದಕ್ಕೆ ಪ್ರಾಸ ಇರುತ್ತದೆ, ಅದು 'ಕಾಫಿಯಾ'. ನಮ್ಮ ಅಂತ್ಯಪ್ರಾಸ ಗೊತ್ತಿರುವ ಕಿವಿಗೆ ಇದು ಕಷ್ಟವಲ್ಲ.

ಖುಸ್ರೋ ಹೆಸರಿನಲ್ಲಿ ಪರಂಪರೆಯಿಂದ ಬಂದ, ಎಲ್ಲ ಮೇಳಗಳೂ ಹಾಡುವ 'ಛಾಪ್ ತಿಲಕ್' ತೆಗೆದುಕೊಳ್ಳಿ. ಅದರ ಬಾಲ 'ರೇ ಮೋಸೇ ನೈನಾ ಮಿಲಾಯಿಕೇ', ಅಂದರೆ 'ನನ್ನ ಕಣ್ಣಿಗೆ ಕಣ್ಣು ಕೂಡಿಸಿ'. ಅದರ ಹಿಂದೆ ಛೀನೀ, ಲೀನೀ, ಕೀನೀ ಎಂದು ಪ್ರಾಸ ಬರುತ್ತದೆ. ಅರ್ಥ ತಿಳಿಯದಿದ್ದರೂ 'ನೀ ರೇ' ಎಂಬ ದನಿ ಕಿವಿಗೆ ಬಿದ್ದೊಡನೆ 'ಮೋಸೇ ನೈನಾ' ಬರಲಿದೆ ಎಂದು ನಿಮಗೇ ಗೊತ್ತಾಗುತ್ತದೆ. ಎರಡು ಸಲ ಹಾಗೆ ಊಹಿಸಿ ಸರಿಯಾದರೆ ನೀವು ಹಾಡಿನ ಒಳಗೆ ಬಂದಿರಿ. ಮನೆಯಿಂದ ಹೊರಡುವ ಮೊದಲು ಹಾಡಿನ ಪಲ್ಲವಿಯ ಅರ್ಥ ಒಂದನ್ನು ಯಾರನ್ನಾದರೂ ಕೇಳಿಟ್ಟುಕೊಂಡಿರಿ. ಪೂರಾ ಅನುವಾದ ಕೈಯಲ್ಲಿ ಹಿಡಿದು ಕೂತರೆ ಕಣ್ಣು ಕಾಗದದ ಮೇಲೆ ಉಳಿಯುತ್ತದೆ, ಹಾಡು ಮುಂದೆ ಹೋಗುತ್ತದೆ.

ಶುರುವಿನಲ್ಲಿ ತಾಳವೇ ಇಲ್ಲದೆ ಎಳೀತಾ ಇರ್ತಾರಲ್ಲ, ಅದು ತಯಾರಿನಾ ಹಾಡಾ?

ಹಾಡೇ. ಆದರೆ ಮುಖ್ಯ ಹಾಡಲ್ಲ. ಮೊದಲು ಬರುವುದು 'ನಗ್ಮಾ'. ಪೇಟಿಯ ಮೇಲೆ ಧಾಟಿಯೊಂದನ್ನು ತಿರುಗಿಸಿ ತಿರುಗಿಸಿ ನುಡಿಸುತ್ತಾರೆ, ಢೋಲಕ್ ಜೊತೆಗಿರುತ್ತದೆ. ಎಷ್ಟೋ ಸಲ ಅದು ಮುಂದೆ ಬರಲಿರುವ ಹಾಡಿನದೇ ಧಾಟಿ. ಕಿವಿ ಚುರುಕಾಗಿದ್ದವರಿಗೆ ಅಲ್ಲಿಯೇ ಗುಟ್ಟು ತಿಳಿದುಬಿಡುತ್ತದೆ.

ಆಮೇಲೆ ತಾಳ ನಿಲ್ಲುತ್ತದೆ. ಪೇಟಿ ಒಂದು ಸ್ವರ ಹಿಡಿದು ನಿಲ್ಲುತ್ತದೆ. ಮುಖ್ಯ ಗಾಯಕ ಆಲಾಪ ಮಾಡಿ, ಒಂದು ದೋಹೆಯನ್ನೋ ರುಬಾಯಿಯನ್ನೋ ಬಿಡಿಯಾಗಿ ಹೇಳುತ್ತಾನೆ. ಎರಡನೆಯವನು ಅದನ್ನೇ ತನ್ನ ರೀತಿಯಲ್ಲಿ ಹೇಳುತ್ತಾನೆ. ಈ ಪದ್ಯ ಮುಖ್ಯ ಹಾಡಿನದಲ್ಲ, ಬೇರೆ ಕಡೆಯದು. ಆದರೆ ಅದರ ಭಾವ ಮುಖ್ಯ ಹಾಡಿಗೆ ಬಾಗಿಲು. ತಾಳವಿಲ್ಲದ ಕಾರಣ ಮಾತು ಸ್ಪಷ್ಟವಾಗಿ ಕೇಳುತ್ತದೆ, ಅದಕ್ಕೇ ಅದನ್ನು ಇಲ್ಲಿ ಇಟ್ಟಿರುವುದು. ಮುಂದೆ ಚಪ್ಪಾಳೆ ಶುರುವಾದ ಮೇಲೆ ಇಷ್ಟು ಬಿಡಿಬಿಡಿಯಾಗಿ ಮಾತು ಸಿಗುವುದಿಲ್ಲ. ಹೊಸಬರು ಈ ಹೊತ್ತಿನಲ್ಲೇ ಮೊಬೈಲ್ ತೆಗೆಯುವುದು ನನಗೆ ಬೇಸರ.

## ಕರೆಯೂ ಮರುದನಿಯೂ

ನಮ್ಮೂರ ಭಜನಿ ಹಂಗೇ ಐತಲ್ರಿ? ಒಬ್ಬ ಹೇಳ್ತಾನ, ಉಳಿದವರು ಅದನ್ನೇ ಹೇಳ್ತಾರ.

ಸೊಲ್ಲು ಎತ್ತುವುದು, ಹಿಮ್ಮೇಳ ಹಿಡಿಯುವುದು ಒಂದೇ. ಆದರೆ ಭಜನೆಯಲ್ಲಿ ಹಿಮ್ಮೇಳದವರು ಸಾಮಾನ್ಯವಾಗಿ ಹೇಳಿದ ಸಾಲನ್ನೇ ಪೂರ್ತಿಯಾಗಿ ತಿರುಗಿ ಹೇಳುತ್ತಾರೆ. ಕವ್ವಾಲಿಯಲ್ಲಿ ಮರುದನಿ ಮೂರು ಬಗೆಯಲ್ಲಿ ಬರುತ್ತದೆ. ಅವುಗಳನ್ನು ಬೇರೆ ಬೇರೆಯಾಗಿ ಗುರುತಿಸಿದರೆ ಅರ್ಧ ಕೆಲಸ ಮುಗಿಯಿತು.

ಮೊದಲನೆಯದು ಎರಡನೆಯ ಗಾಯಕ ಕೊಡುವುದು. ಮುಖ್ಯ ಗಾಯಕ ಹೇಳಿದ ಸಾಲನ್ನು ಅವನು ಎತ್ತಿಕೊಳ್ಳುತ್ತಾನೆ, ಆದರೆ ಬೇರೆ ಎತ್ತರದಲ್ಲಿ, ಬೇರೆ ಬಳುಕಿನಲ್ಲಿ. ಇದು ನಕಲಲ್ಲ. 'ನೀನು ಹಾಗೆಂದೆ, ನಾನು ಹೀಗನ್ನುತ್ತೇನೆ' ಎಂಬ ಮಾತುಕತೆ.

ಎರಡನೆಯದು ಇಡೀ ಮೇಳ ಪಲ್ಲವಿಗೆ ಮರಳುವುದು. ಚರಣ ಮುಗಿದೊಡನೆ ಎಲ್ಲರೂ ಒಮ್ಮೆಲೇ ಬೀಳುತ್ತಾರೆ. ಗೀಗೀ ಪದದಲ್ಲಿ ಮುಖ್ಯ ಹಾಡುಗಾರನ ನುಡಿ ಮುಗಿದ ಕೂಡಲೇ ಹಿಮ್ಮೇಳದವರು 'ಗೀಯ ಗಾ' ಎಂದು ಹಿಡಿಯುತ್ತಾರಲ್ಲ, ಕೆಲಸ ಅದೇ. ಮುಖ್ಯ ಗಾಯಕನಿಗೆ ಉಸಿರು ಸಿಗುತ್ತದೆ, ಮುಂದಿನ ಸಾಲು ಯೋಚಿಸಲು ಹೊತ್ತು ಸಿಗುತ್ತದೆ.

ಮೂರನೆಯದೇ ಕವ್ವಾಲಿಯ ಜೀವ. ಮುಖ್ಯ ಗಾಯಕ ಸಾಲನ್ನು ಅರ್ಧಕ್ಕೆ ಬಿಡುತ್ತಾನೆ, ಮೇಳ ಅದನ್ನು ಪೂರ್ತಿ ಮಾಡುತ್ತದೆ. ಅವನು 'ಮತವಾರೀ ಕರ್ ಲೀನೀ' ಎಂದು ಕೈ ಎತ್ತಿ ನಿಲ್ಲುತ್ತಾನೆ. 'ರೇ ಮೋಸೇ ನೈನಾ ಮಿಲಾಯಿಕೇ' ಎಂದು ಹಿಂದಿನವರು ಮುಗಿಸುತ್ತಾರೆ. ಇನ್ನೂ ಸ್ವಲ್ಪ ಹೊತ್ತಿಗೆ ಮುಗಿಸುವವರಲ್ಲಿ ಜನವೂ ಸೇರಿರುತ್ತಾರೆ. ಒಳ್ಳೆಯ ಕವ್ವಾಲ ಇದಕ್ಕಾಗಿಯೇ ಮೊದಲ ಐದು ನಿಮಿಷ ಪಲ್ಲವಿಯನ್ನು ಬದಲಿಸದೆ, ಮಕ್ಕಳಿಗೆ ಹೇಳಿಕೊಟ್ಟಂತೆ, ನೇರವಾಗಿ ಹಾಡುತ್ತಾನೆ.

ಚಪ್ಪಾಳೆ ಎಲ್ಲಿ ಹಾಕ್ಬೇಕು? ನಾನು ಹಾಕಿದ್ರೆ ಪಕ್ಕದವರು ತಿರುಗಿ ನೋಡ್ತಾರೆ.

ಹೆಚ್ಚಿನ ಕವ್ವಾಲಿಗಳು ಎಂಟು ಮಾತ್ರೆಯ ಕಹರ್ವಾದಲ್ಲಿ ಇರುತ್ತವೆ, ಕೆಲವು ಆರು ಮಾತ್ರೆಯ ದಾದ್ರಾದಲ್ಲಿ. ಕಹರ್ವಾದಲ್ಲಿ ಎಂಟನ್ನು ಮನಸ್ಸಿನಲ್ಲೇ ಎಣಿಸಿ. ಮೇಳದ ಚಪ್ಪಾಳೆ ಸಾಮಾನ್ಯವಾಗಿ 1 ಮತ್ತು 5ರ ಮೇಲೆ ಬೀಳುತ್ತದೆ. ಏರು ಬಂದಾಗ ಅದು ಇಮ್ಮಡಿಯಾಗಿ 1, 3, 5, 7ರ ಮೇಲೆ ಬೀಳಬಹುದು. ತಾಳ ಅದೇ, ಚಪ್ಪಾಳೆ ಮಾತ್ರ ಒತ್ತೊತ್ತಾಗುತ್ತದೆ. ಹೊಸಬರು ಇಲ್ಲೇ ಎಡವುವುದು. ಚಪ್ಪಾಳೆ ಇಮ್ಮಡಿಯಾದದ್ದನ್ನು ವೇಗ ಎಂದು ತಿಳಿದು ಇವರೂ ಓಡಲು ಶುರುಮಾಡುತ್ತಾರೆ, ತಾಳ ತಪ್ಪುತ್ತಾರೆ.

ದರ್ಗಾದ ಕೂಟದಲ್ಲಿ ಕೇಳುಗರು ಸುಮ್ಮನಿರುವುದೇ ರೂಢಿ, ಚಪ್ಪಾಳೆ ಮೇಳದವರದ್ದು. ವೇದಿಕೆಯ ಮುಂದೆ ಹಾಕಿದರೆ ಯಾರೂ ಬೇಡ ಎನ್ನುವುದಿಲ್ಲ. ತೊಡೆಯ ಮೇಲೆ ಬೆರಳಿನಿಂದ ತಟ್ಟುವುದು ಎಲ್ಲ ಕಡೆಯೂ ನಡೆಯುತ್ತದೆ.

ಒಂದೇ ಸಾಲನ್ನ ಇಪ್ಪತ್ತು ಸಲ ಹೇಳ್ತಾರೆ. ಬೇರೆ ಸಾಲು ನೆನಪಿಗೆ ಬರಲ್ವಾ?

ಇದಕ್ಕೆ 'ತಕರಾರ್' ಎನ್ನುತ್ತಾರೆ. ನಮ್ಮಲ್ಲಿ ತಕರಾರು ಎಂದರೆ ಜಗಳ, ಮೂಲ ಅರಬಿಯಲ್ಲಿ ಮರಳಿ ಮರಳಿ ಮಾಡುವುದು. (ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರೆ ಜಗಳ ತಾನೇ ಆಗುವುದು ಎಂದು ನನ್ನ ಗೆಳೆಯನೊಬ್ಬ ನಗುತ್ತಾನೆ.)

ಎರಡು ಸಾಲಿನ ಜೋಡಿ ಎಂದೆನಲ್ಲ, ಅದರಲ್ಲಿ ಮೊದಲ ಸಾಲು ಪ್ರಶ್ನೆ ಇದ್ದಂತೆ, ಎರಡನೆಯದು ಉತ್ತರ. ಕವ್ವಾಲ ಮೊದಲ ಸಾಲನ್ನೇ ಮತ್ತೆ ಮತ್ತೆ ಹೇಳಿ ಎರಡನೆಯದನ್ನು ತಡೆದಿಡುತ್ತಾನೆ. ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ, ಒಮ್ಮೆ ಒಂದೇ ಪದವನ್ನು ಒತ್ತಿ. ಕೂತವರ ಹಸಿವು ಹೆಚ್ಚುತ್ತದೆ. ಉತ್ತರದ ಸಾಲು ಬಂದು ಪಲ್ಲವಿಗೆ ಸೇರಿದಾಗ 'ವಾಹ್' ಎಂದು ಎಲ್ಲರೂ ಒಮ್ಮೆಲೇ ಅನ್ನುವುದು ಅದಕ್ಕೇ.

ಇನ್ನೊಂದು ಕಾರಣ ಕೇಳುವವರಲ್ಲಿದೆ. ಯಾರಿಗಾದರೂ ಒಂದು ಸಾಲು ನಾಟಿ ಭಾವಾವೇಶ ಬಂದರೆ, ಅದನ್ನು 'ಹಾಲ್' ಎನ್ನುತ್ತಾರೆ, ಆ ಸಾಲನ್ನು ಬಿಡಬಾರದು. ಅವರು ಇಳಿಯುವವರೆಗೆ ಅದನ್ನೇ ಹಾಡಬೇಕು. ಕವ್ವಾಲರು ಇದಕ್ಕೆ ಖ್ವಾಜಾ ಕುತ್ಬುದ್ದೀನ್ ಬಖ್ತಿಯಾರ್ ಕಾಕಿಯವರ ಕತೆ ಹೇಳುತ್ತಾರೆ. 1235ರಲ್ಲಿ ದಿಲ್ಲಿಯ ಒಂದು ಕೂಟದಲ್ಲಿ ಪಾರ್ಸಿ ಜೋಡಿಯೊಂದು ಅವರಿಗೆ ನಾಟಿತು. 'ಶರಣಾಗತಿಯ ಕತ್ತಿಗೆ ಬಲಿಯಾದವರಿಗೆ ಗಳಿಗೆ ಗಳಿಗೆಗೂ ಕಾಣದ ಕಡೆಯಿಂದ ಹೊಸ ಜೀವ ಬರುತ್ತದೆ' ಎಂದು ಅದರ ಭಾವ. ಮೊದಲ ಸಾಲಿಗೆ ಅವರ ಉಸಿರು ಹೋಗುತ್ತಿತ್ತಂತೆ, ಎರಡನೆಯದಕ್ಕೆ ಮರಳುತ್ತಿತ್ತಂತೆ. ದಿನಗಟ್ಟಲೆ ಅದನ್ನೇ ಹಾಡಿದರು, ಕೊನೆಗೆ ಅದೇ ಸ್ಥಿತಿಯಲ್ಲಿ ಅವರು ತೀರಿಕೊಂಡರು ಎಂದು ಪರಂಪರೆ ಹೇಳುತ್ತದೆ. ಕತೆಯನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಸಾಲು ಬದಲಾಗಬೇಕಾದ ಹೊತ್ತನ್ನು ಹಾಡುವವನಲ್ಲ, ಕೇಳುವವನು ತೀರ್ಮಾನಿಸುತ್ತಾನೆ ಎಂಬ ಕಟ್ಟಳೆ ಮಾತ್ರ ಇಂದಿಗೂ ಇದೆ.

ನಡುವೆ ಸಡನ್ನಾಗಿ ಬೇರೆ ಹಾಡು ಬಂದುಬಿಡುತ್ತೆ, ಮತ್ತೆ ಹಳೇದೇ ಬರುತ್ತೆ. ಮರೆತುಹೋಗಿ ಹಾಡ್ತಾರಾ?

ಮರೆವಲ್ಲ, ಜಾಣತನ. ಇದಕ್ಕೆ 'ಗಿರಹ್' ಎಂದು ಹೆಸರು, ಅಂದರೆ ಗಂಟು. ಹಾಡಿನ ಒಂದು ಸಾಲನ್ನು ಹಿಡಿದು, ಅದರ ಅರ್ಥ ಬಿಚ್ಚುವಂಥ ಇನ್ನೊಂದು ಪದ್ಯವನ್ನು ಬೇರೆ ಕವಿಯಿಂದ, ಕೆಲವೊಮ್ಮೆ ಬೇರೆ ಭಾಷೆಯಿಂದ ತಂದು ಅಲ್ಲಿಗೆ ಗಂಟು ಹಾಕುತ್ತಾರೆ. ಗಂಟಿನ ಬಿಗಿ ಇರುವುದು ಮರಳುವ ಜಾಗದಲ್ಲಿ. ತಂದ ಪದ್ಯದ ಕೊನೆಯ ಮಾತು ಬಿಟ್ಟು ಬಂದ ಸಾಲಿಗೆ ಸರಿಯಾಗಿ ಕೂತುಕೊಳ್ಳಬೇಕು. ಕೂತರೆ ಜನ ಎದ್ದು ನಿಲ್ಲುತ್ತಾರೆ. ಕೂರದಿದ್ದರೆ ಪದ್ಯ ಎಷ್ಟೇ ಚೆನ್ನಾಗಿರಲಿ, ಮೇಳ ಪಲ್ಲವಿಗೆ ಬಿದ್ದಾಗ ಒಂದು ಕುಲುಕು ಕೇಳುತ್ತದೆ. ಅಂಥ ಸಡಿಲ ಗಂಟನ್ನು ಜೋರು ಢೋಲಕ್ಕಿನಿಂದ ಮುಚ್ಚುವುದನ್ನೂ ನೋಡಿದ್ದೇನೆ.

## ಏರುವ ಬಗೆ

ಏರ್ತಾ ಇದೆ ಅಂತ ಹೇಗೆ ಗೊತ್ತಾಗೋದು? ಸ್ಪೀಡ್ ಜಾಸ್ತಿ ಆಗೋದೇ ತಾನೆ?

ವೇಗ ಕೊನೆಗೆ ಬರುವುದು. ಅದಕ್ಕೂ ಮುಂಚೆ ಮೂರು ಗುರುತುಗಳಿವೆ. ಅವುಗಳಲ್ಲಿ ನಾನು ಮೊದಲು ಹುಡುಕುವುದು ತುಂಡಿನ ಉದ್ದ. ಆರಂಭದಲ್ಲಿ ಕರೆ ಎರಡು ಸಾಲಿನಷ್ಟು ಉದ್ದ, ಮರುದನಿಯೂ ಅಷ್ಟೇ. ಮುಂದೆ ಕರೆ ಒಂದು ಸಾಲಾಗುತ್ತದೆ. ಆಮೇಲೆ ಅರ್ಧ ಸಾಲು, ಆಮೇಲೆ ಎರಡು ಪದ, ಕೊನೆಗೆ ಒಂದೇ ಪದ ಈ ಕಡೆಯಿಂದ ಆ ಕಡೆಗೆ ಚೆಂಡಿನ ಹಾಗೆ ಹಾರುತ್ತದೆ. ಢೋಲಕ್ಕಿನ ನಡೆ ಅಷ್ಟೇನೂ ಬದಲಾಗದಿದ್ದರೂ ನಮಗೆ ಓಟ ಅನ್ನಿಸುವುದು ಈ ಚಿಕ್ಕದಾಗುವಿಕೆಯಿಂದ.

ಎರಡನೆಯದು ಎತ್ತರ. ಪಲ್ಲವಿ ನಡುಸ್ಥಾಯಿಯಲ್ಲಿ ಇರುತ್ತದೆ. ಚರಣದ ಮೊದಲ ಸಾಲು ಮೇಲಿನ ಷಡ್ಜದ ಕಡೆಗೆ ಏರುತ್ತದೆ, ಎರಡನೆಯ ಸಾಲು ಇಳಿದು ಪಲ್ಲವಿಗೆ ಸೇರುತ್ತದೆ. ಏರು ಬಿಗಿಯಾದಂತೆ ಇಳಿಯುವುದನ್ನು ಮುಂದೂಡುತ್ತಾರೆ, ಮೇಲೇ ನಿಲ್ಲುತ್ತಾರೆ. ಮೂರನೆಯದು ಆಗಲೇ ಹೇಳಿದ ಚಪ್ಪಾಳೆಯ ಒತ್ತು.

ಏರು ಒಂದೇ ಗೆರೆಯಲ್ಲಿ ಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಸಮುದ್ರದ ಅಲೆಯಂತೆ ಏರಿ ಇಳಿದು, ಪ್ರತಿ ಸಲವೂ ಹಿಂದಿನದಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ಮೊದಲ ಇಳಿತಕ್ಕೇ 'ಮುಗೀತು' ಎಂದು ಎದ್ದು ಹೋದವರನ್ನು ಎಷ್ಟೋ ಸಲ ಕೈ ಹಿಡಿದು ಕೂರಿಸಿದ್ದೇನೆ.

ಒಂದು ಹಾಡನ್ನ ಶುರುವಿನಿಂದ ಕೊನೆವರೆಗೆ ಬಿಡಿಸಿ ಹೇಳ್ತೀರಾ?

'ಛಾಪ್ ತಿಲಕ್' ಅನ್ನೇ ತೆಗೆದುಕೊಳ್ಳೋಣ. ಸುಮಾರು ಹದಿನೈದು ನಿಮಿಷದ ಹಾಡಿಕೆ ಎಂದುಕೊಳ್ಳಿ. ಮೇಳದಿಂದ ಮೇಳಕ್ಕೆ ಇದು ಬದಲಾಗುತ್ತದೆ, ಹಾಗಾಗಿ ನಿಮಿಷಗಳನ್ನು ಕೈಮರದ ಹಾಗೆ ಮಾತ್ರ ನೋಡಿ.

ಒಂದು ನಿಮಿಷದ ಪೇಟಿ ನುಡಿತದ ನಂತರ ತಾಳ ನಿಂತು ದೋಹೆ ಬರುತ್ತದೆ. 'ಅಪನೀ ಛಬ್ ಬನಾಯಿಕೇ ಜೋ ಮೈಂ ಪೀ ಕೇ ಪಾಸ್ ಗಯೀ, ಜಬ್ ಛಬ್ ದೇಖೀ ಪೀಹೂ ಕೀ ಸೋ ಅಪನೀ ಭೂಲ್ ಗಯೀ.' ನಾನು ಸಿಂಗಾರ ಮಾಡಿಕೊಂಡು ನಲ್ಲನ ಬಳಿ ಹೋದೆ, ಅವನ ರೂಪ ಕಂಡು ನನ್ನದೇ ಮರೆತೆ. ತನ್ನ ಗುರುತು ಕಳೆದುಕೊಳ್ಳುವ ಮಾತು ಇಲ್ಲಿಂದಲೇ ಶುರು. ಮೊದಲ ಸಾಲನ್ನು ಇಬ್ಬರೂ ಗಾಯಕರು ಎರಡೆರಡು ಸಲ ಹೇಳಿ, 'ಭೂಲ್ ಗಯೀ' ಎಂಬಲ್ಲಿ ದನಿ ಇಳಿಸುತ್ತಾರೆ.

ಮೂರನೆಯ ನಿಮಿಷದ ಹೊತ್ತಿಗೆ ಢೋಲಕ್ ಬೀಳುತ್ತದೆ, 'ಛಾಪ್ ತಿಲಕ್ ಸಬ್ ಛೀನೀ ರೇ ಮೋಸೇ ನೈನಾ ಮಿಲಾಯಿಕೇ'. ಛಾಪು, ತಿಲಕ ಎಂದರೆ ಮೈಮೇಲಿನ ಮತದ ಗುರುತುಗಳು. ಕಣ್ಣಿಗೆ ಕಣ್ಣು ಕೂಡಿಸಿದ್ದೇ ತಡ, ಎಲ್ಲ ಕಿತ್ತುಕೊಂಡೆ ಎಂದು ಹೆಣ್ಣು ದನಿ ಹೇಳುತ್ತಿದೆ. ಪಲ್ಲವಿ ನಾಲ್ಕಾರು ಸಲ ಸುತ್ತುತ್ತದೆ. ಈಗ ಬಾಲವನ್ನು ಬಾಯಿಪಾಠ ಮಾಡಿಕೊಳ್ಳಿ.

'ಪ್ರೇಮ್ ಭಟೀ ಕಾ ಮಧವಾ ಪಿಲಾಯಿಕೇ' ಎಂದು ಮೊದಲ ಚರಣ. ಒಲವಿನ ಭಟ್ಟಿಯ ಮದ್ಯ ಕುಡಿಸಿ ಎಂದು ಎತ್ತಿ, ಅಲ್ಲೇ ನಿಲ್ಲಿಸಿ, ಮತ್ತೆ ಎತ್ತಿ, ಆಮೇಲೆ 'ಮತವಾರೀ ಕರ್ ಲೀನೀ', ಹುಚ್ಚಿ ಮಾಡಿದೆ. ಬಾಲವನ್ನು ಮೇಳ ಮುಗಿಸುತ್ತದೆ. 'ಗೋರೀ ಗೋರೀ ಬಯ್ಯಾಂ ಹರೀ ಹರೀ ಚೂಡಿಯಾಂ' ಎಂಬ ಚರಣ ಬಳೆ ತೊಟ್ಟ ಕೈಗಳದ್ದು. ಇದನ್ನು ಸಾಮಾನ್ಯವಾಗಿ ಬೇಗ ದಾಟುತ್ತಾರೆ.

ಎಂಟನೆಯ ನಿಮಿಷದ ಸುಮಾರಿಗೆ 'ಬಲ್ ಬಲ್ ಜಾವೂಂ ಮೈಂ ತೋರೇ ರಂಗ್ ರಜವಾ' ಬರುತ್ತದೆ. ಬಣ್ಣಗಾರನೇ, ನಿನಗೆ ಬಲಿ ಹೋಗುತ್ತೇನೆ. ಇಲ್ಲಿ ಕಿವಿ ನಿಮಿರಿಸಿ, ಗಂಟು ಬೀಳುವ ಜಾಗ ಇದು. ತಾಳ ತಗ್ಗುತ್ತದೆ, ಚಪ್ಪಾಳೆ ನಿಲ್ಲಬಹುದು. ಖುಸ್ರೋ ಹೆಸರಿನದೇ ಇನ್ನೊಂದು ದೋಹೆ ಇಲ್ಲಿ ಸೊಗಸಾಗಿ ಒಗ್ಗುತ್ತದೆ. ಒಸಗೆಯ ಇರುಳು ನಲ್ಲನ ಜೊತೆ ಎಚ್ಚರವಿದ್ದೆ, ಮೈ ನನ್ನದು, ಮನಸ್ಸು ಅವನದು, 'ದೋವೂ ಭಯೇ ಏಕ್ ರಂಗ್', ಎರಡೂ ಒಂದೇ ಬಣ್ಣವಾದವು. ಆ 'ರಂಗ್' ಎಂಬ ಪದದ ಮೇಲೆ ನಿಂತು, ಅದನ್ನೇ ಮೂರು ನಾಲ್ಕು ಸಲ ಎಸೆದು, ಉಸಿರು ಬಿಡದೆ 'ಅಪನೀ ಸೀ ರಂಗ್ ಲೀನೀ ರೇ' ಎಂಬ ಬಾಕಿ ಸಾಲಿಗೆ ಧುಮುಕುತ್ತಾರೆ. ನಿನ್ನದೇ ಬಣ್ಣ ಬಳಿದೆ. ಬಣ್ಣಗಾರ, ಒಂದೇ ಬಣ್ಣ, ನಿನ್ನ ಬಣ್ಣ, ಗಂಟು ಬಿಗಿಯಾಯಿತು. ಢೋಲಕ್ ಮತ್ತೆ ಬೀಳುವುದು ಸರಿಯಾಗಿ 'ಮೋಸೇ ನೈನಾ' ಮೇಲೆ. ಆ ಹೊತ್ತಿಗೆ ಕೂತವರೆಲ್ಲ ಅದನ್ನು ಹೇಳುತ್ತಿರುತ್ತಾರೆ.

ಇಲ್ಲಿಂದ ತುಂಡುಗಳು ಚಿಕ್ಕದಾಗುತ್ತವೆ. 'ರಂಗ್ ಲೀನೀ' ಎಂದು ಕರೆ, 'ನೈನಾ ಮಿಲಾಯಿಕೇ' ಎಂದು ಮರುದನಿ. ಹನ್ನೆರಡು ಹದಿಮೂರನೆಯ ನಿಮಿಷಕ್ಕೆ ಬರೀ 'ನೈನಾ', 'ನೈನಾ'. ಕೊನೆಗೆ ಅಂಕಿತ, 'ಖುಸ್ರೋ ನಿಜಾಮ್ ಕೇ ಬಲ್ ಬಲ್ ಜಾಯಿಯೇ, ಮೋಹೇ ಸುಹಾಗನ್ ಕೀನೀ ರೇ'. ವಚನದಲ್ಲಿ, ದಾಸರ ಪದದಲ್ಲಿ ಅಂಕಿತ ಬಂತೆಂದರೆ ಮುಗಿಯಿತು ಎಂದು ನಮಗೆ ಗೊತ್ತು. ಇಲ್ಲೂ ಹಾಗೆಯೇ, ಕವಿಯ ಹೆಸರು ಕೇಳಿದರೆ ಹಾಡು ಊರಿನ ಅಗಸಿಗೆ ಬಂದಿದೆ ಎಂದು ತಿಳಿಯಿರಿ.

ಸರಿಗಮ ಹೇಳಿ ಓಡಿಸ್ತಾರಲ್ಲ, ಅದು ಕವ್ವಾಲಿಯ ಭಾಗವಾ, ತೋರಿಕೆಯಾ?

ಎರಡೂ. ಸರ್ಗಮ್ಮನ್ನು ಕವ್ವಾಲಿಯ ಮುಂದಿನ ಸಾಲಿಗೆ ತಂದವರಲ್ಲಿ ನುಸ್ರತ್ ಫತೇ ಅಲಿ ಖಾನ್ (1948–1997) ದೊಡ್ಡ ಹೆಸರು. ಅವರ ಮುದ್ರಿಕೆಗಳಲ್ಲಿ ಮಾತು ತನ್ನ ಕೆಲಸ ಮುಗಿಸಿ ಇನ್ನು ಹೇಳಲು ಉಳಿಯದಾದಾಗ ಸ್ವರ ಶುರುವಾಗುವುದನ್ನು ಗಮನಿಸಬಹುದು. ಅವರ ತಮ್ಮ ಫರೂಖ್ ಪೇಟಿಯಲ್ಲೂ ದನಿಯಲ್ಲೂ ಉತ್ತರ ಕೊಡುತ್ತಾರೆ, ಕರೆ ಮರುದನಿಯ ಆಟ ಅಕ್ಷರವಿಲ್ಲದೆ ಮುಂದುವರಿಯುತ್ತದೆ. ನನ್ನ ಅಳತೆ ಸರಳ. ಸರ್ಗಮ್ ಮುಗಿದು ಪಲ್ಲವಿಗೆ ಬಿದ್ದಾಗ ಪಲ್ಲವಿ ಮೊದಲಿಗಿಂತ ಭಾರವಾಗಿ ಕೇಳಿದರೆ ಅದು ಹಾಡಿನ ಭಾಗ. ಪಲ್ಲವಿ ಸಪ್ಪೆ ಅನ್ನಿಸಿದರೆ ತೋರಿಕೆ.

## ಇನ್ನೂ ಸ್ವಲ್ಪ ಒಳಗೆ

ದರ್ಗಾದಲ್ಲಿ ಹಾಡೋದಕ್ಕೂ ಸ್ಟೇಜಿನಲ್ಲಿ ಹಾಡೋದಕ್ಕೂ ಕ್ರಮ ಬೇರೆನಾ?

ಬೇರೆ. ದರ್ಗಾದ ಕೂಟಕ್ಕೆ ಒಬ್ಬ ಹಿರಿಯರು ಇರುತ್ತಾರೆ, ಅವರನ್ನು ಮೀರ್‌-ಎ-ಮಹಫಿಲ್ ಎನ್ನುತ್ತಾರೆ. ದಿಲ್ಲಿಯ ಚಿಶ್ತಿ ಕ್ರಮದಲ್ಲಿ ಖುಸ್ರೋ ಹೆಸರಿನ ಕೌಲ್‌ನಿಂದ ಶುರುಮಾಡಿ, ಖುಸ್ರೋ ಹೆಸರಿನದೇ 'ರಂಗ್' ಎಂಬ ಹಾಡಿನಿಂದ ಮುಗಿಸುವ ರೂಢಿ ಬಲವಾಗಿದೆ. ರಂಗ್ ಬಂದಾಗ ಅನೇಕ ಕಡೆ ಎಲ್ಲರೂ ಎದ್ದು ನಿಲ್ಲುತ್ತಾರೆ. ನಡುವೆ ದೇವರ ಸ್ತುತಿ ಹಮ್ದ್, ಪ್ರವಾದಿಯ ಸ್ತುತಿ ನಾತ್, ಸಂತರ ಸ್ತುತಿ ಮನ್‌ಕಬತ್, ಆಮೇಲೆ ಪ್ರೇಮದ ಗಜಲ್‌ಗಳು. ಅಂದರೆ ಒಂದೊಂದು ಹಾಡಿಗೆ ಇರುವ ಏರು ಇಡೀ ರಾತ್ರಿಗೂ ಇದೆ. ವೇದಿಕೆಯಲ್ಲಿ ಎರಡು ಗಂಟೆಯಷ್ಟೇ ಹೊತ್ತು, ಜನ ಕೂಗಿ ಕೇಳಿದ ಹಾಡು ಬೇಗ ಬರುತ್ತದೆ.

ಕಾಣಿಕೆಯನ್ನೂ ಗಮನಿಸಿ. ದರ್ಗಾದಲ್ಲಿ ನೋಟನ್ನು ನೇರವಾಗಿ ಹಾಡುವವರ ಮೇಲೆ ಎಸೆಯುವುದಿಲ್ಲ. ಹಿರಿಯರ ಮುಂದೆ ಬಾಗಿ ಕೊಡುತ್ತಾರೆ, ಅವರ ಕೈಯಿಂದ ಅದು ಕವ್ವಾಲರಿಗೆ ಹೋಗುತ್ತದೆ. ಯಾವ ಸಾಲಿಗೆ ಜನ ಏಳುತ್ತಾರೆ ಎಂಬುದನ್ನು ಮುಖ್ಯ ಗಾಯಕ ಓರೆಗಣ್ಣಿನಿಂದ ನೋಡುತ್ತಲೇ ಇರುತ್ತಾನೆ. ಎದ್ದರೆ ಅದೇ ಸಾಲು ಉಳಿಯುತ್ತದೆ. ಯಾರೂ ಕದಲದಿದ್ದರೆ ಮುಂದಿನ ಸಾಲಿಗೆ ಹೋಗುತ್ತಾನೆ. ದುಡ್ಡಿನಾಸೆ ಎಂದು ಮೂಗು ಮುರಿಯುವವರಿದ್ದಾರೆ, ಆಸೆಯೂ ಇರಬಹುದು. ಆದರೆ ಅವನಿಗೆ ಕೂಟದ ನಾಡಿ ಸಿಗುವುದೂ ಅಲ್ಲಿಂದಲೇ.

ಯಾರಾದರೂ ಹಾಲ್ ಬಂದು ಎದ್ದು ನಿಂತು, ಅವರಿಗೆ ಗೌರವವಾಗಿ ಹಿರಿಯರೂ ಎದ್ದರೆ ನೀವೂ ಏಳಿ. ಫೋಟೋ ತೆಗೆಯಬೇಡಿ.

ನಮ್ಮ ಕಡೆ ಉರುಸಿನಲ್ಲಿ ಜಿದ್ದಾಜಿದ್ದಿ ಕವ್ವಾಲಿ ಇಡ್ತಾರಲ್ಲ, ಅದೂ ಇದೇನಾ?

ಅದರ ತಮ್ಮ ಅನ್ನಿ. ಎರಡು ಮೇಳ ಎದುರೆದುರು ಕೂತು ಸವಾಲ್ ಜವಾಬ್ ನಡೆಸುತ್ತವೆ, ಒಂದು ಗಂಡಸರದ್ದು ಇನ್ನೊಂದು ಹೆಂಗಸರದ್ದು ಆಗಿರುವುದೂ ಉಂಟು. ಇಲ್ಲಿ ಕರೆ ಒಂದು ಮೇಳದ್ದು, ಮರುದನಿ ಎದುರಿನ ಮೇಳದ್ದು. ಹರದೇಶಿ ನಾಗೇಶಿ ಕೇಳಿದವರಿಗೆ ಈ ಬಿಸಿ ಗೊತ್ತು. ಸಿನಿಮಾ ಕವ್ವಾಲಿಗಳೂ ಹೆಚ್ಚಾಗಿ ಈ ಜಿದ್ದಿನ ಬಗೆಯವು. ಮಜಾ ಇದೆ, ಆದರೆ ಮಾತಿನ ಏಟಿಗೆ ಕಾಯುವ ಕೂಟದಲ್ಲಿ ಒಂದು ಸಾಲಿನ ಮೇಲೆ ಹತ್ತು ನಿಮಿಷ ನಿಲ್ಲಲು ಯಾರಿಗೂ ಬಿಡುವು ಇರುವುದಿಲ್ಲ.

ಮನೇಲಿ ಕೇಳಿ ಕಲಿಯೋಕೆ ಯಾರಿಂದ ಶುರುಮಾಡ್ಲಿ?

ಹಾಡುಗಾರರನ್ನು ಬದಲಿಸಿ, ಹಾಡನ್ನು ಬದಲಿಸಬೇಡಿ. ಒಂದೇ ಪದ್ಯವನ್ನು ಮೂರು ಮೇಳಗಳಿಂದ ಕೇಳಿದರೆ ಯಾವುದು ಪದ್ಯದ್ದು, ಯಾವುದು ಮೇಳ ಸೇರಿಸಿದ್ದು ಎಂದು ತಾನೇ ಬಿಡಿಸಿಕೊಳ್ಳುತ್ತದೆ. ಕರೆ ಮರುದನಿ ಸ್ಪಷ್ಟವಾಗಿ ಕೇಳಬೇಕೆಂದರೆ ಸಾಬ್ರಿ ಸೋದರರು ಒಳ್ಳೆಯವರು. ಗುಲಾಂ ಫರೀದ್ ಸಾಬ್ರಿಯ ಗಡಸು ದನಿ, ಮಕ್ಬೂಲ್ ಸಾಬ್ರಿಯ ನಯವಾದ ದನಿ, ಯಾರು ಯಾವಾಗ ಎತ್ತಿದರು ಎಂದು ಗೊಂದಲವೇ ಆಗದು. ಗಿರಹ್ ಕಲಿಯಲು ಫರೀದ್ ಅಯಾಜ್ ಮತ್ತು ಅಬು ಮುಹಮ್ಮದ್. ಅಜೀಜ್ ಮಿಯಾಂ ಅವರನ್ನು ಆಮೇಲೆ ಇಟ್ಟುಕೊಳ್ಳಿ. ಅವರದು ಹಾಡಿಗಿಂತ ಮಾತು ಹೆಚ್ಚು, ಅವರ ಒಂದು ಮುದ್ರಿಕೆ 115 ನಿಮಿಷ ಮೀರುತ್ತದೆ, ಉರ್ದು ಇಲ್ಲದೆ ಅಷ್ಟು ಹೊತ್ತು ಕೂರುವುದು ಕಷ್ಟ.

ಅಷ್ಟೆಲ್ಲ ಏರಿಸಿ ಕೊನೆಗೆ ಟಕ್ ಅಂತ ನಿಲ್ಲಿಸ್ತಾರೆ. ಯಾಕೆ ಹಾಗೆ?

ಶಾಸ್ತ್ರೀಯ ಕಛೇರಿಯಲ್ಲಿ ತಿಹಾಯಿ ಹಾಕಿ ಮೂರು ಸಲ ಹೇಳಿ ಮುಗಿಸುವುದನ್ನು ನೋಡಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಕವ್ವಾಲಿಯಲ್ಲಿ ಪಲ್ಲವಿ ಒಮ್ಮೆ ಸುತ್ತಿ, ಮುಖ್ಯ ಗಾಯಕ ಕೈ ಇಳಿಸುತ್ತಾನೆ, ಚಪ್ಪಾಳೆ ನಿಂತುಬಿಡುತ್ತದೆ. ಮುದ್ರಿಕೆಯಲ್ಲಿ ಅದು ಕತ್ತರಿಸಿದ ಹಾಗೆ ಕೇಳುತ್ತದೆ. ಕೂಟದಲ್ಲಿ ಕೂತಾಗ ಗೊತ್ತಾಗುತ್ತದೆ, ದನಿ ನಿಂತರೂ ಪೇಟಿಯ ತಿದಿಯಲ್ಲಿ ಗಾಳಿ ಉಳಿದಿರುತ್ತದೆ, ಒಂದು ಸ್ವರ ಇನ್ನೂ ಎಳೆಯುತ್ತಿರುತ್ತದೆ. ಕೆಲವೊಮ್ಮೆ ಅದು ಪೂರ್ತಿ ಇಳಿಯುವ ಮೊದಲೇ ಮುಖ್ಯ ಗಾಯಕ ಅದೇ ಸ್ವರದ ಮೇಲೆ, ತಾಳವಿಲ್ಲದೆ, ಮುಂದಿನ ಹಾಡಿನ ದೋಹೆ ಎತ್ತಿರುತ್ತಾನೆ.